ನಿವೃತ್ತಿಯ ನಂತರ ಅರೆಕಾಲಿಕ ಸಲಹೆಗಾರರಾಗಲು ಒಂದು ಪುಟದ ಪರಿಚಯ ಪತ್ರ

ನಿವೃತ್ತರಾದ ವೃತ್ತಿಪರರಿಂದ ಪದೇ ಪದೇ ಬರುವ ಪ್ರಶ್ನೆ ಇದು: ‘ಪೂರ್ಣಾವಧಿ ಕೆಲಸ ಇನ್ನು ಬೇಡ, ವಾರದಲ್ಲಿ ಸ್ವಲ್ಪ ಹೊತ್ತು ಸಲಹೆ ಕೊಡಬಲ್ಲೆ, ಕಿರಿಯರಿಗೆ ದಾರಿ ತೋರಿಸಬಲ್ಲೆ. ಇದನ್ನು ಹೇಗೆ ಹೇಳಿಕೊಳ್ಳಬೇಕು?’ ಹೆಚ್ಚಿನವರು ಹಳೆಯ ಬಯೋಡೇಟಾಕ್ಕೆ ‘ಸಲಹೆಗೆ ಲಭ್ಯ’ ಎಂಬ ಒಂದು ಸಾಲು ಸೇರಿಸಿ ಕಳಿಸುತ್ತಾರೆ. ಅದಕ್ಕೆ ಉತ್ತರವೇ ಬರುವುದಿಲ್ಲ, ಇಲ್ಲವೆ ತಮಗೆ ಬೇಡವಾದ ಕೆಲಸವೇ ಬರುತ್ತದೆ. ಬಯೋಡೇಟಾ ನೀವು ಏನು ಮಾಡಿದ್ದಿರಿ ಎಂದು ಹೇಳುತ್ತದೆ. ಸಲಹೆ ಕೇಳುವವರಿಗೆ ಬೇಕಾದದ್ದು ಬೇರೆ: ಯಾವ ಪ್ರಶ್ನೆಯನ್ನು ನಿಮ್ಮ ಬಳಿ ತರಬಹುದು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ, ಏನನ್ನು ನಿಮ್ಮಿಂದ ಕೇಳಬಾರದು.

ಇವನ್ನೆಲ್ಲ ಒಂದು ಪುಟದಲ್ಲಿ ಬರೆದಿಡುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಉದಾಹರಣೆಗೆ ಒಬ್ಬ ಮೆಕ್ಯಾನಿಕಲ್ ಎಂಜಿನಿಯರನ್ನು ಇಟ್ಟುಕೊಳ್ಳೋಣ. ಕಾರ್ಖಾನೆಗಳಲ್ಲಿ ಪಂಪು, ಕಂಪ್ರೆಸರ್‌ಗಳ ನಿರ್ವಹಣೆ ನೋಡಿಕೊಂಡು ನಿವೃತ್ತರಾದವರು ಅವರು. ನಿಮ್ಮ ವೃತ್ತಿ ಲೆಕ್ಕಪತ್ರವಾಗಲಿ, ಶುಶ್ರೂಷೆಯಾಗಲಿ, ವಿವರಗಳು ಬದಲಾಗುತ್ತವೆ, ಹಂತಗಳು ಅವೇ.

ಹಂತ 1: ಹಿಂದಿನ ಕರಾರುಗಳನ್ನು ಓದಿ

ಪತ್ರ ಬರೆಯುವ ಮೊದಲೇ ಇದು ಆಗಬೇಕು. ಹಿಂದಿನ ಸಂಸ್ಥೆಯೊಡನೆ ಮಾಡಿಕೊಂಡ ಕರಾರಿನಲ್ಲಿ ಎರಡು ಷರತ್ತುಗಳನ್ನು ಹುಡುಕಿ. ಒಂದು ಗೋಪ್ಯತೆಯ ಷರತ್ತು, ಅಂದರೆ ಸಂಸ್ಥೆಯ ಒಳಮಾಹಿತಿಯನ್ನು ಹೊರಗೆ ಬಳಸಬಾರದೆಂಬ ಒಪ್ಪಂದ. ಕೆಲಸ ಬಿಟ್ಟ ಮೇಲೂ ಅದು ಉಳಿದಿರುವುದೇ ಹೆಚ್ಚು. ಇನ್ನೊಂದು, ಇಂತಿಷ್ಟು ಕಾಲ ಪ್ರತಿಸ್ಪರ್ಧಿಗಳ ಜೊತೆ ಕೆಲಸ ಮಾಡಬಾರದೆಂಬ ಷರತ್ತು. ಪಿಂಚಣಿ ಪಡೆಯುವವರು ನಿವೃತ್ತಿಯ ನಂತರದ ಗಳಿಕೆಗೆ ಪೂರ್ವಾನುಮತಿ ಬೇಕೇ ಎಂದು ಪಿಂಚಣಿ ನಿಯಮಗಳಲ್ಲಿ ನೋಡಿಕೊಳ್ಳಬೇಕು.

ವೃತ್ತಿ ನಡೆಸಲು ನೋಂದಣಿ ಅಥವಾ ಪರವಾನಗಿ ಬೇಕಾದ ಕ್ಷೇತ್ರ ನಿಮ್ಮದಾದರೆ ಅದು ಈಗಲೂ ಊರ್ಜಿತದಲ್ಲಿದೆಯೇ ನೋಡಿ. ಅವಧಿ ಮುಗಿದಿದ್ದರೆ ನೀವು ಏನು ಹೇಳಬಹುದು, ಯಾವುದಕ್ಕೆ ಸಹಿ ಹಾಕಬಾರದು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ವೃತ್ತಿ ಹೊಣೆಗಾರಿಕೆ ವಿಮೆಯನ್ನೂ ವಿಚಾರಿಸಿ. ನೀವು ಕೊಟ್ಟ ಸಲಹೆಯಿಂದ ನಷ್ಟವಾಯಿತೆಂದು ಯಾರಾದರೂ ದಾವೆ ಹೂಡಿದರೆ ಆ ವೆಚ್ಚ ಭರಿಸುವ ವಿಮೆ ಅದು. ನೌಕರಿಯಲ್ಲಿದ್ದಾಗ ಆ ಹೊರೆ ಸಾಮಾನ್ಯವಾಗಿ ಸಂಸ್ಥೆಯದ್ದು. ಸ್ವತಂತ್ರ ಸಲಹೆಗಾರರಾದ ದಿನದಿಂದ ನಿಮ್ಮದು.

ಹಂತ 2: ಗಂಟೆಗಳನ್ನು ಪ್ರಾಮಾಣಿಕವಾಗಿ ಎಣಿಸಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ‘ವಾರಕ್ಕೆ ಎಂಟು ಗಂಟೆ’ ಎಂದು ಬರೆದವರು ವಾರಕ್ಕೆ ಎಂಟು ಮಾತುಕತೆ ಸಾಧ್ಯವೆಂದುಕೊಳ್ಳುತ್ತಾರೆ. ಒಂದು ಗಂಟೆಯ ಮಾತುಕತೆಗೆ ಮೊದಲು ಕಡತ ಓದಬೇಕು, ಆಮೇಲೆ ಏನು ಹೇಳಿದೆವು ಎಂಬುದನ್ನು ಬರೆದು ಕಳಿಸಬೇಕು. ತಾಂತ್ರಿಕ ವಿಷಯವಾದರೆ ಓದಲು ಮುಕ್ಕಾಲು ಗಂಟೆ, ಬರೆಯಲು ಮತ್ತೊಂದು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಒಂದು ಗಂಟೆಯ ಮಾತು ನಿಮ್ಮ ದಿನದಿಂದ ತೆಗೆದುಕೊಳ್ಳುವುದು ಎರಡೂವರೆ ಗಂಟೆ. ಎಂಟು ಗಂಟೆಯಲ್ಲಿ ಆಗುವುದು ಮೂರು ಮಾತುಕತೆ, ಅಷ್ಟೆ.

ತಿಂಗಳ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಎಂಜಿನಿಯರ್ ವಾರಕ್ಕೆ 8 ಗಂಟೆಯಂತೆ ತಿಂಗಳಿಗೆ 32 ಗಂಟೆ ತೆಗೆದಿಟ್ಟಿದ್ದಾರೆ. ಎರಡು ಸಂಸ್ಥೆಗಳಿಗೆ ತಲಾ 8 ಗಂಟೆ ಎಂದರೆ 16. ಇಬ್ಬರು ಕಿರಿಯ ಎಂಜಿನಿಯರ್‌ಗಳಿಗೆ ಮಾರ್ಗದರ್ಶನ, ಒಬ್ಬೊಬ್ಬರ ಜೊತೆ ತಿಂಗಳಿಗೆ ಎರಡು ಭೇಟಿ, ಪ್ರತಿ ಭೇಟಿಗೆ ತಯಾರಿ ಸೇರಿ ಒಂದೂವರೆ ಗಂಟೆ, ಒಟ್ಟು 6. ಇಮೇಲ್, ಸಮಯ ಹೊಂದಿಸುವುದು, ಬಿಲ್ ಬರೆಯುವುದಕ್ಕೆ 4. ಅಲ್ಲಿಗೆ 26 ಆಯಿತು. ಉಳಿದ 6 ಗಂಟೆಯನ್ನು ಯಾರಿಗೂ ಮಾತು ಕೊಡದೆ ಇಟ್ಟುಕೊಳ್ಳಬೇಕು. ಒಂದು ಸಮಸ್ಯೆ ಅಂದುಕೊಂಡದ್ದಕ್ಕಿಂತ ಉದ್ದವಾದಾಗ ಅದು ನುಂಗುವುದು ಈ ಗಂಟೆಗಳನ್ನೇ. ಇವಿಲ್ಲದಿದ್ದರೆ ಒಬ್ಬರ ತುರ್ತಿಗಾಗಿ ಇನ್ನೊಬ್ಬರಿಗೆ ಕೊಟ್ಟ ಮಾತು ತಪ್ಪುತ್ತದೆ.

ಸ್ಥಳಕ್ಕೆ ಹೋಗಿ ನೋಡುವ ಭೇಟಿಯನ್ನು ಬೇರೆಯಾಗಿ ಎಣಿಸಿ. ಒಂದು ದಿನದ ಭೇಟಿ ಎಂದರೆ ಒಂದು ವಾರದ ಪಾಲು ಪೂರ್ತಿ ಹೋಯಿತು ಎಂದೇ ಅರ್ಥ, ಪ್ರಯಾಣ ಅದರ ಮೇಲೆ. ಆದ್ದರಿಂದ ‘ಮೂರು ತಿಂಗಳಿಗೆ ಒಂದು ಭೇಟಿ, ಮೂರು ವಾರ ಮೊದಲು ತಿಳಿಸಬೇಕು’ ಎಂಬಂಥ ಮಿತಿ ಬೇಕು.

ಲಭ್ಯತೆಯನ್ನು ಬರೆಯುವಾಗ ಗಂಟೆಗಳ ಜೊತೆಗೆ ಇನ್ನೂ ಮೂರು ವಿಷಯ ಹೇಳಿ: ಯಾವ ದಿನ ಯಾವ ಹೊತ್ತು, ಇಮೇಲಿಗೆ ಎಷ್ಟು ದಿನದೊಳಗೆ ಉತ್ತರ, ವರ್ಷದಲ್ಲಿ ಯಾವ ತಿಂಗಳು ಸಿಗುವುದಿಲ್ಲ. ‘ಯಾವಾಗ ಬೇಕಾದರೂ ಕರೆ ಮಾಡಿ’ ಎಂದು ಸೌಜನ್ಯಕ್ಕೂ ಬರೆಯಬೇಡಿ. ಓದಿದವರು ಅದನ್ನು ನಂಬುತ್ತಾರೆ. ನಿರ್ವಹಣೆಯಂಥ ಕ್ಷೇತ್ರದಲ್ಲಿ ಯಂತ್ರ ಕೆಡುವುದು ನಡುರಾತ್ರಿಯೇ, ಫೋನ್ ಬರುವುದೂ ಆಗಲೇ.

ಹಂತ 3: ವ್ಯಾಪ್ತಿಯನ್ನು ಪ್ರಶ್ನೆಗಳ ರೂಪದಲ್ಲಿ ಬರೆಯಿರಿ

ವ್ಯಾಪ್ತಿ ಎಂದರೆ ನಿಮ್ಮ ಸಲಹೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಗೆರೆ. ‘ಯಂತ್ರ ನಿರ್ವಹಣೆಯಲ್ಲಿ ಮೂವತ್ತೈದು ವರ್ಷದ ಅನುಭವ’ ಎಂದರೆ ಓದುಗರಿಗೆ ಗೌರವ ಮೂಡಬಹುದು, ಏನು ಕೇಳಬೇಕೆಂದು ಹೊಳೆಯುವುದಿಲ್ಲ. ಬದಲಿಗೆ ನಿಮ್ಮ ಬಳಿ ತರಬಹುದಾದ ಪ್ರಶ್ನೆಗಳನ್ನೇ ಬರೆಯಿರಿ. ನಮ್ಮ ಎಂಜಿನಿಯರ್ ಹೀಗೆ ಬರೆಯಬಹುದು: ‘ಒಂದೇ ಪಂಪಿನ ಸೀಲ್ ಅಥವಾ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿದೆ, ಮೂಲ ಕಾರಣ ಸಿಗುತ್ತಿಲ್ಲ.’ ‘ಕಂಪನದ ಅಳತೆ ತೆಗೆಯುತ್ತಿದ್ದೇವೆ, ಅದನ್ನು ನೋಡಿ ಯಂತ್ರವನ್ನು ಯಾವಾಗ ನಿಲ್ಲಿಸಬೇಕೆಂದು ನಿರ್ಧರಿಸಲಾಗುತ್ತಿಲ್ಲ.’ ‘ವಾರ್ಷಿಕ ನಿರ್ವಹಣೆಗೆ ಕೆಲಸಗಳ ಪಟ್ಟಿ ಮಾಡಿದ್ದೇವೆ, ಏನಾದರೂ ಬಿಟ್ಟಿದ್ದೇವೆಯೇ?’ ಇಂಥ ಮೂರು ನಾಲ್ಕು ಪ್ರಶ್ನೆ ಸಾಕು. ಹತ್ತು ಬರೆದರೆ ಮತ್ತೆ ‘ಎಲ್ಲವೂ ಗೊತ್ತು’ ಎಂದಂತೆಯೇ.

ಇದನ್ನು ಬರೆಯುವಾಗ ನಿಮ್ಮ ತಿಳಿವಳಿಕೆಯಲ್ಲಿ ಹಳತಾಗುವ ಭಾಗ ಯಾವುದು, ಹಳತಾಗದ್ದು ಯಾವುದು ಎಂದು ಬೇರ್ಪಡಿಸಿ. ಪಂಪಿನ ದ್ರವ ಸೋರದಂತೆ ತಡೆಯುವ ಸೀಲಿನ ಮುಖದ ಮೇಲೆ ಬಿಸಿಯಿಂದಾದ ಕೂದಲೆಳೆ ಬಿರುಕು ಕಂಡರೆ ಆ ಸೀಲ್ ದ್ರವವಿಲ್ಲದೆ ಒಣಗಿ ಓಡಿರಬಹುದೆಂಬುದು ಹಳತಾಗುವ ಜ್ಞಾನವಲ್ಲ. ಮಾನದಂಡಗಳು ಹಾಗಲ್ಲ. ಕೈಗಾರಿಕಾ ಯಂತ್ರಗಳ ಕಂಪನವನ್ನು ಅಳೆದು ನೋಡಲು ಬಳಸುತ್ತಿದ್ದ ಐಎಸ್‌ಒ 10816-3 ಎಂಬ ಮಾನದಂಡದ ಜಾಗಕ್ಕೆ 2022ರಲ್ಲಿ ಐಎಸ್‌ಒ 20816-3 ಬಂದಿದೆ. ಅದಕ್ಕೂ ಮೊದಲು ನಿವೃತ್ತರಾದವರು ಹಳೆಯ ಸಂಖ್ಯೆಯನ್ನೇ ಉಲ್ಲೇಖಿಸಿದರೆ, ಉಳಿದ ಸಲಹೆ ಎಷ್ಟೇ ಸರಿಯಿದ್ದರೂ ಕೇಳುವವರ ನಂಬಿಕೆ ಸಡಿಲವಾಗುತ್ತದೆ. ನಿಮ್ಮ ಕ್ಷೇತ್ರದ ಮಾನದಂಡ, ಕಾನೂನು, ತಂತ್ರಾಂಶಗಳ ಚಾಲ್ತಿ ಆವೃತ್ತಿ ಯಾವುದೆಂದು ನೋಡಿಕೊಳ್ಳಿ. ಅಭ್ಯಾಸ ತಪ್ಪಿದ್ದನ್ನು ವ್ಯಾಪ್ತಿಯಿಂದ ತೆಗೆದುಬಿಡಿ.

ಇನ್ನು ವ್ಯಾಪ್ತಿಯ ಹೊರಗಿನವು. ಇದನ್ನು ಬರೆಯಲು ಹಲವರಿಗೆ ಸಂಕೋಚ, ಒರಟಾಗಿ ಕಂಡೀತೆಂಬ ಭಯ. ಆದರೆ ಪತ್ರದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದೇ. ನಾಲ್ಕು ವಿಷಯಗಳ ಬಗ್ಗೆ ನಿಮ್ಮ ನಿಲುವು ಅಲ್ಲಿರಬೇಕು.

ಮೊದಲನೆಯದು ಸಹಿ. ನಕ್ಷೆ, ಸುರಕ್ಷತಾ ಪ್ರಮಾಣಪತ್ರ, ಯಂತ್ರ ಚಾಲನೆಗೆ ಅನುಮತಿ ಇವುಗಳಿಗೆ ಸಹಿ ಹಾಕಿದರೆ ಸಲಹೆಗಾರರ ಸ್ಥಾನ ದಾಟಿ ಹೊಣೆಗಾರರಾದಂತೆ. ವಾರಕ್ಕೆ ಎಂಟು ಗಂಟೆ, ಅದೂ ದೂರದಿಂದ ನೋಡುವವರು ಅಂಥ ಹೊಣೆ ಹೊರಬಾರದು. ಎರಡನೆಯದು ತುರ್ತು ಸೇವೆ. ಮೂರನೆಯದು ಮಾರಾಟಗಾರರ ಆಯ್ಕೆ. ಹಳೆಯ ಪರಿಚಯಗಳ ಕಾರಣಕ್ಕೇ ಯಾರಿಂದ ಕೊಳ್ಳಬೇಕೆಂದು ನಿಮ್ಮನ್ನು ಕೇಳುತ್ತಾರೆ. ಅಲ್ಲಿ ಹಿತಾಸಕ್ತಿ ಸಂಘರ್ಷ ಹುಟ್ಟುತ್ತದೆ, ಅಂದರೆ ನಿಮ್ಮ ಸಲಹೆಯ ಹಿಂದೆ ನಿಮ್ಮ ಅಥವಾ ಆಪ್ತರ ಲಾಭ ಇರಬಹುದೆಂಬ ಅನುಮಾನಕ್ಕೆ ಎಡೆಯಾಗುತ್ತದೆ. ಬೆಲೆಪಟ್ಟಿಯ ತಾಂತ್ರಿಕ ವಿವರಗಳನ್ನಷ್ಟೇ ನೋಡುತ್ತೇನೆ, ಯಾರನ್ನೂ ಶಿಫಾರಸು ಮಾಡುವುದಿಲ್ಲ ಎಂದು ಬರೆದರೆ ವಿಷಯ ಮುಗಿಯಿತು. ನಾಲ್ಕನೆಯದು ಹಿಂದಿನ ಸಂಸ್ಥೆಯ ಮಾಹಿತಿ. ಅದನ್ನು ಹಂಚಿಕೊಳ್ಳುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ಹೊಸಬರು ಅದನ್ನು ತಪ್ಪು ತಿಳಿಯುವುದಿಲ್ಲ. ನಾಳೆ ತಮ್ಮ ಗುಟ್ಟೂ ಇವರ ಬಳಿ ಭದ್ರ ಎಂದುಕೊಳ್ಳುತ್ತಾರೆ.

ಹಂತ 4: ಸಲಹೆ ಮತ್ತು ಮಾರ್ಗದರ್ಶನವನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ

ಎರಡೂ ಮೇಲುನೋಟಕ್ಕೆ ಒಂದೇ. ಸಲಹೆಯ ನಡುವೆ ಇರುವುದು ಒಂದು ಸಮಸ್ಯೆ. ಅದನ್ನು ತರುವುದು ಸಂಸ್ಥೆ, ಕೊನೆಗೆ ಒಂದು ಬರಹ ಅವರ ಕೈಗೆ ಹೋಗುತ್ತದೆ. ಮಾರ್ಗದರ್ಶನದ ನಡುವೆ ಇರುವುದು ಒಬ್ಬ ವ್ಯಕ್ತಿ. ಆ ವ್ಯಕ್ತಿ ನಿಮ್ಮ ಬಳಿ ಹೇಳಿದ್ದು ಮೇಲಧಿಕಾರಿಯ ಕಿವಿಗೆ ಹೋಗುತ್ತದೆಂದು ಗೊತ್ತಾದ ಕ್ಷಣ ಅದು ಮುಗಿದಂತೆ. ಹಾಗಾಗಿ ಸಂಸ್ಥೆಯೇ ಹಣ ಕೊಟ್ಟು ಮಾರ್ಗದರ್ಶನ ಏರ್ಪಡಿಸಿದರೂ, ಆ ಕಿರಿಯರ ವಾರ್ಷಿಕ ಮೌಲ್ಯಮಾಪನದ ಬಗ್ಗೆ ಅಭಿಪ್ರಾಯ ಕೊಡುವುದಿಲ್ಲ ಎಂದು ಮೊದಲೇ ಬರೆಯಿರಿ. ಭೇಟಿಗಳು ನಡೆದವೋ ಇಲ್ಲವೋ ಎಂಬಷ್ಟನ್ನು ಮಾತ್ರ ತಿಳಿಸುತ್ತೇನೆ ಎನ್ನಿ.

ಒಂದು ಅಪವಾದ ಇರಲೇಬೇಕು. ಮಾತಿನ ನಡುವೆ ಜೀವಾಪಾಯದ ಸಂಗತಿ ಗೊತ್ತಾದರೆ, ಉದಾಹರಣೆಗೆ ಸುರಕ್ಷತಾ ಕವಾಟವನ್ನು ಮುಚ್ಚಿಟ್ಟು ಯಂತ್ರ ಓಡಿಸುತ್ತಿದ್ದಾರೆಂದು ತಿಳಿದರೆ, ಅದನ್ನು ಗುಟ್ಟಾಗಿ ಇಡುವುದಿಲ್ಲ. ಈ ಮಾತನ್ನು ಮೊದಲ ಭೇಟಿಯಲ್ಲೇ ಕಿರಿಯರಿಗೆ ಹೇಳಿ. ಆಮೇಲೆ ಹೇಳಿದರೆ ಅದು ನಂಬಿಕೆದ್ರೋಹವಾಗಿ ಕಾಣುತ್ತದೆ.

ಮಾರ್ಗದರ್ಶನಕ್ಕೆ ಆರು ತಿಂಗಳ ಅವಧಿ, ತಿಂಗಳಿಗೆ ಎರಡು ಭೇಟಿ ಸಾಮಾನ್ಯವಾಗಿ ಹೊಂದುತ್ತದೆ. ಭೇಟಿಗೆ ಎರಡು ದಿನ ಮೊದಲು ಏನು ಮಾತಾಡಬೇಕೆಂದು ಕಿರಿಯರೇ ನಾಲ್ಕು ಸಾಲು ಬರೆದು ಕಳಿಸಬೇಕೆಂಬ ನಿಯಮವಿಡಿ. ಅದಿಲ್ಲದಿದ್ದರೆ ಭೇಟಿ ನಿಮ್ಮ ಹಳೆಯ ದಿನಗಳ ಕಥೆಯಾಗುತ್ತದೆ. ಅವರು ಗೌರವದಿಂದ ಕೇಳುತ್ತಾರೆ, ನಾಲ್ಕನೇ ಭೇಟಿಯ ಹೊತ್ತಿಗೆ ಬೇರೆ ಕೆಲಸವಿದೆ ಎನ್ನುತ್ತಾರೆ.

ಹಂತ 5: ಶುಲ್ಕದ ಬಗೆ

ಮೊತ್ತವನ್ನು ಪತ್ರದಲ್ಲಿ ಹಾಕಬೇಕಿಲ್ಲ, ಬಗೆಯನ್ನು ಹೇಳಲೇಬೇಕು: ಉಚಿತವೋ, ಗಂಟೆಯ ಲೆಕ್ಕವೋ, ಒಂದು ಕೆಲಸಕ್ಕೆ ಒಟ್ಟು ಮೊತ್ತವೋ, ತಿಂಗಳ ನಿಗದಿ ಶುಲ್ಕವೋ. ನಿಗದಿ ಶುಲ್ಕ ಎಂದರೆ ಬಳಸಲಿ ಬಿಡಲಿ ಇಂತಿಷ್ಟು ಗಂಟೆಯನ್ನು ಅವರಿಗಾಗಿ ಕಾಯ್ದಿರಿಸಿ ಅದಕ್ಕೆ ಹಣ ಪಡೆಯುವುದು. ಇದರಲ್ಲಿ ಒಂದು ಹಳ್ಳವಿದೆ. ಬಳಸದ ಗಂಟೆಗಳು ಮುಂದಿನ ತಿಂಗಳಿಗೆ ಹೋಗುತ್ತವೆಯೇ ಎಂದು ಬರೆಯದಿದ್ದರೆ, ತಿಂಗಳಿಗೆ 8 ಗಂಟೆ ಕಾಯ್ದಿರಿಸಿ ನಾಲ್ಕು ತಿಂಗಳು ಸುಮ್ಮನಿದ್ದ ಸಂಸ್ಥೆ ಐದನೇ ತಿಂಗಳು 40 ಗಂಟೆ ಕೇಳುತ್ತದೆ. ನಿಮ್ಮ ಬಳಿ ಇರುವುದೇ 32. ‘ಒಂದು ತಿಂಗಳ ಮಟ್ಟಿಗೆ ಮಾತ್ರ ಮುಂದಕ್ಕೆ ಹೋಗುತ್ತದೆ’ ಎಂಬ ಮಿತಿ ಎರಡೂ ಕಡೆಗೆ ನ್ಯಾಯವಾದದ್ದು. ಉಚಿತವಾಗಿ ಮಾಡುವವರಿಗೂ ಗಂಟೆಯ ಮಿತಿ ಬೇಕು. ಬೆಲೆಯಿಲ್ಲದ ಸಮಯಕ್ಕೆ ಗಡಿಯೂ ಇಲ್ಲವೆಂದು ಜನ ಸುಲಭವಾಗಿ ಭಾವಿಸುತ್ತಾರೆ.

ಹಂತ 6: ಪತ್ರವನ್ನು ಬರೆಯಿರಿ

ಮೇಲಿನದ್ದೆಲ್ಲ ಕೈಯಲ್ಲಿದ್ದರೆ ಪತ್ರ ಒಂದು ಗಂಟೆಯ ಕೆಲಸ. ನಮ್ಮ ಎಂಜಿನಿಯರ್ ಪತ್ರ ಹೀಗಿರಬಹುದು:

‘ಪಂಪು ಮತ್ತು ಕಂಪ್ರೆಸರ್‌ಗಳ ನಿರ್ವಹಣೆಯಲ್ಲಿ ಅರೆಕಾಲಿಕ ಸಲಹೆ ನೀಡುತ್ತೇನೆ. ಒಂದೇ ಯಂತ್ರ ಮತ್ತೆ ಮತ್ತೆ ಕೆಡುತ್ತಿದ್ದು ಕಾರಣ ತಿಳಿಯದಿದ್ದಾಗ, ಕಂಪನದ ಅಳತೆಗಳನ್ನು ಅರ್ಥಮಾಡಿಕೊಳ್ಳಬೇಕಾದಾಗ, ವಾರ್ಷಿಕ ನಿರ್ವಹಣೆಯ ಯೋಜನೆಯನ್ನು ಹೊರಗಿನವರೊಬ್ಬರು ನೋಡಬೇಕೆನಿಸಿದಾಗ ನನ್ನನ್ನು ಕೇಳಬಹುದು. ಟರ್ಬೈನ್ ಮತ್ತು ವಿದ್ಯುತ್ ನಿಯಂತ್ರಣ ವ್ಯವಸ್ಥೆಗಳು ನನ್ನ ವ್ಯಾಪ್ತಿಯಲ್ಲಿಲ್ಲ.

ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಲಭ್ಯ. ಇಮೇಲಿಗೆ ಎರಡು ಕೆಲಸದ ದಿನಗಳೊಳಗೆ ಉತ್ತರಿಸುತ್ತೇನೆ. ತುರ್ತು ಕರೆಗಳನ್ನು ಸ್ವೀಕರಿಸುವುದಿಲ್ಲ. ಸ್ಥಳ ಭೇಟಿ ಮೂರು ತಿಂಗಳಿಗೆ ಒಮ್ಮೆ, ಮೂರು ವಾರ ಮೊದಲು ತಿಳಿಸಿದರೆ.

ನನಗೆ ಹೆಚ್ಚು ಒಗ್ಗುವುದು ಸ್ವಂತ ನಿರ್ವಹಣಾ ತಂಡವಿರುವ, ಆದರೆ ವಿಶೇಷಜ್ಞರಿಲ್ಲದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳ ಕೆಲಸ. ಒಂದು ಸಮಸ್ಯೆಗೆ ಸೀಮಿತವಾದ ಪರಿಶೀಲನೆ, ಇಲ್ಲವೆ ಮೂರು ತಿಂಗಳ ನಿಗದಿ ಸಲಹೆ. ನನ್ನ ಅಭಿಪ್ರಾಯವನ್ನು ಬರಹದಲ್ಲಿ ಕೊಡುತ್ತೇನೆ. ತೀರ್ಮಾನ ಮತ್ತು ಜಾರಿ ನಿಮ್ಮ ತಂಡದ್ದು. ದಾಖಲೆಗಳಿಗೆ ಸಹಿ, ಮಾರಾಟಗಾರರ ಶಿಫಾರಸು ಮಾಡುವುದಿಲ್ಲ. ಹಿಂದೆ ದುಡಿದ ಸಂಸ್ಥೆಗಳ ಮಾಹಿತಿಯನ್ನು ಹಂಚಿಕೊಳ್ಳುವುದಿಲ್ಲ.

ಇದಲ್ಲದೆ ವೃತ್ತಿಯ ಮೊದಲ ಐದು ವರ್ಷಗಳಲ್ಲಿರುವ ಇಬ್ಬರು ನಿರ್ವಹಣಾ ಎಂಜಿನಿಯರ್‌ಗಳಿಗೆ ಆರು ತಿಂಗಳ ಮಾರ್ಗದರ್ಶನ ನೀಡುತ್ತೇನೆ, ಶುಲ್ಕವಿಲ್ಲ. ಸದ್ಯ ಒಂದು ಸ್ಥಾನ ಖಾಲಿಯಿದೆ.’

ಕೊನೆಗೆ ಸಂಪರ್ಕದ ವಿವರ ಮತ್ತು ಪತ್ರ ಬರೆದ ದಿನಾಂಕ. ಅನುಭವದ ವಿವರ ಬೇಕಾದವರಿಗೆ ಬಯೋಡೇಟಾ ಪ್ರತ್ಯೇಕವಾಗಿ ಹೋಗಲಿ.

ಕಳಿಸುವ ಮೊದಲು ನಿಮ್ಮ ಕ್ಷೇತ್ರದವರಲ್ಲದ ಒಬ್ಬರಿಗೆ ಓದಲು ಕೊಡಿ. ‘ಈ ವ್ಯಕ್ತಿಯ ಬಳಿ ನೀವು ತರಬಹುದಾದ ಒಂದು ಕೆಲಸ ಹೇಳಿ, ತರಬಾರದ ಒಂದು ಕೆಲಸ ಹೇಳಿ’ ಎಂದು ಕೇಳಿ. ಎರಡಕ್ಕೂ ತಡವರಿಸದೆ ಉತ್ತರ ಬಂದರೆ ಪತ್ರ ಸರಿಯಿದೆ. ಚೆನ್ನಾಗಿದೆ ಎಂಬ ಮೆಚ್ಚುಗೆ ಮಾತ್ರ ಬಂದರೆ ಹಂತ 3ಕ್ಕೆ ಹಿಂದಿರುಗಿ.

ಹಂತ 7: ಮೊದಲ ವಿಚಾರಣೆ ಬಂದಾಗ

ಒಂದು ಕಾರ್ಖಾನೆಯಿಂದ ಇಮೇಲ್ ಬಂತೆನ್ನೋಣ: ‘ನಮ್ಮ ಪಂಪಿನ ಸೀಲ್ ಮೂರು ತಿಂಗಳಿಗೊಮ್ಮೆ ಸೋರುತ್ತದೆ. ದಯವಿಟ್ಟು ಬಂದು ಸರಿಪಡಿಸಿಕೊಡಿ.’ ಇಲ್ಲಿ ‘ಸರಿಪಡಿಸಿ’ ಎಂಬುದು ಪತ್ರದ ವ್ಯಾಪ್ತಿಯ ಹೊರಗಿದೆ, ‘ಬಂದು’ ಎಂಬುದಕ್ಕೂ ಪತ್ರದಲ್ಲಿ ಮಿತಿಯಿದೆ. ಹಾಗೆಂದು ನಿರಾಕರಿಸಬೇಕಿಲ್ಲ, ವ್ಯಾಪ್ತಿಯೊಳಗೆ ತಂದುಕೊಳ್ಳಬೇಕು.

ಮೊದಲ ಉತ್ತರದಲ್ಲಿ ಮಾಹಿತಿ ಕೇಳಿ: ಕೆಟ್ಟ ಸೀಲಿನ ಎರಡೂ ಮುಖಗಳ ಸ್ಪಷ್ಟ ಚಿತ್ರ, ಪಂಪು ತಯಾರಕರು ಕೊಟ್ಟ ಹರಿವು–ಒತ್ತಡದ ನಕ್ಷೆ, ಈಗ ಪಂಪು ನಿಜವಾಗಿ ಎಷ್ಟು ಹರಿವಿನಲ್ಲಿ ಓಡುತ್ತಿದೆ, ಕೊನೆಯ ಕೆಲವು ಕಂಪನದ ಅಳತೆಗಳು. ಈ ಪಟ್ಟಿ ಎರಡು ಕೆಲಸ ಮಾಡುತ್ತದೆ. ಪಂಪು ತನ್ನ ಉತ್ತಮ ದಕ್ಷತೆಯ ಹರಿವಿಗಿಂತ ತೀರಾ ಕಡಿಮೆಯಲ್ಲಿ ಓಡುತ್ತಿದ್ದರೆ ಶಾಫ್ಟ್ ಬಾಗಿ ಸೀಲ್ ಹೋಗುವುದುಂಟು. ನಕ್ಷೆ ಮತ್ತು ಹರಿವು ಕೈಗೆ ಬಂದರೆ ಅದು ಕೂತಲ್ಲೇ ತಿಳಿಯುತ್ತದೆ. ಮುಖದ ಮೇಲಿನ ಸವೆತದ ಪಟ್ಟೆ ಇರಬೇಕಾದ್ದಕ್ಕಿಂತ ಅಗಲವಾಗಿದ್ದರೆ ಶಾಫ್ಟ್ ಜೋಡಣೆಯ ಕಡೆ ನೋಡಬೇಕು. ಇದು ಪಟ್ಟಿಯ ತಾಂತ್ರಿಕ ಪ್ರಯೋಜನ. ಇನ್ನೊಂದು, ಆ ತಂಡ ನಿಮ್ಮ ಜೊತೆ ಕೆಲಸ ಮಾಡಬಲ್ಲುದೇ ಎಂಬುದೂ ತಿಳಿಯುತ್ತದೆ. ಹತ್ತು ದಿನವಾದರೂ ಒಂದು ಚಿತ್ರ ಕಳಿಸಲಾಗದವರಿಗೆ ದೂರದ ಸಲಹೆಯಿಂದ ಪ್ರಯೋಜನವಾಗುವುದಿಲ್ಲ. ಅವರಿಗೆ ಬೇಕಾದದ್ದು ಸ್ಥಳದಲ್ಲಿರುವ ತಂತ್ರಜ್ಞ. ಹಾಗೆಂದು ಹೇಳಿಬಿಡಿ.

ಮಾಹಿತಿ ಬಂದ ಮೇಲೆ ನಾಲ್ಕು ಸಾಲಿನ ಒಪ್ಪಂದ ಕಳಿಸಿ: ‘ಒಟ್ಟು ಆರು ಗಂಟೆ. ಓದಿಗೆ ಎರಡು, ನಿಮ್ಮ ತಂಡದೊಡನೆ ಮಾತಿಗೆ ಒಂದು, ವಿಶ್ಲೇಷಣೆಗೆ ಎರಡು, ಬರಹಕ್ಕೆ ಒಂದು. ಸಂಭವನೀಯ ಕಾರಣಗಳು ಮತ್ತು ಪರೀಕ್ಷಿಸಬೇಕಾದ ಕ್ರಮವಿರುವ ಎರಡು ಪುಟದ ಟಿಪ್ಪಣಿ ಕೊಡುತ್ತೇನೆ. ಮಾಹಿತಿ ಪೂರ್ಣವಾದ ಹತ್ತು ಕೆಲಸದ ದಿನಗಳೊಳಗೆ. ಮುಂದಿನ ಕೆಲಸಕ್ಕೆ ಬೇರೆ ಒಪ್ಪಂದ.’ ‘ಸಮಸ್ಯೆ ಪರಿಹರಿಸುತ್ತೇನೆ’ ಎಂದು ಬರೆಯಬೇಡಿ. ಜೋಡಿಸಿದ ಪೈಪು ಪಂಪನ್ನು ಎಳೆಯುತ್ತಿರುವುದೇ ಕಾರಣವೆಂದು ನೀವು ಹೇಳಿದರೂ ಅದನ್ನು ಸರಿಪಡಿಸಬೇಕಾದವರು ಅವರು, ಅವರು ಮಾಡದಿದ್ದರೆ ಮಾತು ತಪ್ಪಿದವರು ನೀವಾಗುತ್ತೀರಿ.

ಮಾತುಕತೆಯ ಮಧ್ಯೆ ಹೀಗೊಂದು ಕೋರಿಕೆ ಬಂದೇ ಬರುತ್ತದೆ: ‘ಹೇಗೂ ನೋಡ್ತಿದ್ದೀರಲ್ಲ ಸರ್, ಆ ಇನ್ನೊಂದು ಕಂಪ್ರೆಸರ್ ಬಗ್ಗೆಯೂ ಒಂದು ಮಾತು ಹೇಳಿಬಿಡಿ.’ ಒಪ್ಪಿದ ಕೆಲಸ ಹೀಗೆಯೇ ಸದ್ದಿಲ್ಲದೆ ಹಿಗ್ಗುತ್ತದೆ. ‘ಖಂಡಿತ ನೋಡೋಣ, ಅದಕ್ಕೆ ಇಷ್ಟು ಗಂಟೆ ಬೇಕಾಗಬಹುದು, ಇದು ಮುಗಿದ ಮೇಲೆ ತೆಗೆದುಕೊಳ್ಳೋಣವೇ?’ ಎಂದರೆ ಯಾರಿಗೂ ನೋವಾಗುವುದಿಲ್ಲ. ಕಡತ ಓದದೆ ಬಾಯಿಮಾತಿನಲ್ಲಿ ಹೇಳಿದ್ದೇ ನಾಳೆ ‘ಸಲಹೆಗಾರರು ಹೇಳಿದ್ದರು’ ಎಂದು ದಾಖಲೆಯಾಗುತ್ತದೆ ಎಂಬುದು ನೆನಪಿರಲಿ.

ಹಂತ 8: ಅವಧಿಯ ನಡುವೆ ಗಮನಿಸಬೇಕಾದ್ದು

ನಿಗದಿ ಸಲಹೆಯನ್ನು ಮೂರು ತಿಂಗಳಿಗೆ ಮಾತ್ರ ಒಪ್ಪಿಕೊಳ್ಳಿ. ಅದಕ್ಕೆ ಮೊದಲೇ ನಿಲ್ಲಿಸಬೇಕಾದರೆ ಯಾರೇ ಆಗಲಿ 15 ದಿನ ಮೊದಲು ತಿಳಿಸಬೇಕು ಎಂದಿರಲಿ. ಮೂರನೇ ತಿಂಗಳ ಎರಡನೇ ವಾರದಲ್ಲಿ ಮುಂದುವರಿಸಬೇಕೇ ಎಂದು ನೀವೇ ಕೇಳಿ. ತಾನಾಗಿ ಮುಂದುವರಿಯುವ ಒಪ್ಪಂದವನ್ನು ಮುಗಿಸುವುದು ಇಬ್ಬರಿಗೂ ಮುಜುಗರ.

ವ್ಯವಸ್ಥೆ ದಾರಿ ತಪ್ಪುತ್ತಿದೆ ಎಂಬುದಕ್ಕೆ ಕೆಲವು ಗುರುತುಗಳಿವೆ. ಓದಬೇಕಾದ ಕಾಗದಗಳು ಸಭೆಯ ನಂತರ ಬರತೊಡಗುತ್ತವೆ. ಒಂದೇ ಪ್ರಶ್ನೆ ಮೂರನೇ ಬಾರಿ ಬರುತ್ತದೆ, ಅಂದರೆ ಹಿಂದಿನ ಎರಡು ಟಿಪ್ಪಣಿಗಳನ್ನು ಯಾರೂ ಜಾರಿಗೆ ತಂದಿಲ್ಲ. ಇವೆರಡನ್ನು ಮಾತಾಡಿ ಸರಿಪಡಿಸಬಹುದು. ಮೂರನೆಯದು ಹೆಚ್ಚು ಗಂಭೀರ: ನೀವು ಸಿಗುವ ಮಂಗಳವಾರದವರೆಗೆ ತಂಡ ತನ್ನ ತೀರ್ಮಾನಗಳನ್ನು ತಡೆಹಿಡಿಯುತ್ತದೆ. ಕಾಗದದ ಮೇಲೆ ನೀವು ಸಲಹೆಗಾರರಾಗಿಯೇ ಇದ್ದರೂ ವಾಸ್ತವದಲ್ಲಿ ಅಲ್ಲಿನ ಮುಖ್ಯಸ್ಥರಾಗಿದ್ದೀರಿ, ಅಧಿಕಾರವಿಲ್ಲದೆ ಹೊಣೆ ಮಾತ್ರ ಹೊತ್ತುಕೊಂಡು. ಆಗ ಬರುವ ಪ್ರತಿ ಪ್ರಶ್ನೆಗೂ ‘ನಿಮ್ಮ ತಂಡದ ಅಭಿಪ್ರಾಯವೇನು, ಮೊದಲು ಬರೆದು ಕಳಿಸಿ’ ಎಂದು ಕೇಳಲು ಶುರು ಮಾಡಿ. ಒಂದು ತಿಂಗಳಲ್ಲೂ ಬದಲಾವಣೆ ಕಾಣದಿದ್ದರೆ ಅವರಿಗೆ ಪೂರ್ಣಾವಧಿ ವ್ಯಕ್ತಿಯೇ ಬೇಕು. ಅದನ್ನು ಬರಹದಲ್ಲೇ ತಿಳಿಸಿ 15 ದಿನಗಳ ಷರತ್ತನ್ನು ಬಳಸಿ.

ಆರು ತಿಂಗಳಿಗೊಮ್ಮೆ ಪತ್ರವನ್ನು ತೆರೆದು ದಿನಾಂಕ, ಲಭ್ಯ ಗಂಟೆ, ಖಾಲಿ ಸ್ಥಾನಗಳನ್ನು ಸರಿಪಡಿಸಿ. ಗಂಟೆಗಳೆಲ್ಲ ತುಂಬಿದ್ದರೆ ‘ಸದ್ಯ ಹೊಸ ಕೆಲಸ ತೆಗೆದುಕೊಳ್ಳುತ್ತಿಲ್ಲ, ಇಂಥ ತಿಂಗಳ ನಂತರ ವಿಚಾರಿಸಿ’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಹಳೆಯ ಪ್ರತಿ ಯಾರ ಯಾರ ಬಳಿ ಇದೆಯೋ ಅವರಿಗೆಲ್ಲ ಹೊಸದನ್ನು ಕಳಿಸಿ.